ಒಂದು ಕ್ವಾಲಿಗೆ ಎಷ್ಟು ಖರ್ಚು? ಎರಡು ಚಿಕಿತ್ಸೆ ಹೋಲಿಸುವಾಗ ಯಾವುದನ್ನು ಯಾವುದರಿಂದ ಭಾಗಿಸಬೇಕು

ಎರಡು ಚಿಕಿತ್ಸೆಗಳಿವೆ. ಒಂದು ಹಳೆಯದು, ಅಗ್ಗ. ಇನ್ನೊಂದು ಹೊಸದು, ದುಬಾರಿ, ಆದರೆ ಸ್ವಲ್ಪ ಹೆಚ್ಚು ಗುಣ ಕೊಡುತ್ತದೆ. ಎಲ್ಲರ ಚಿಕಿತ್ಸೆಗೂ ಒಂದೇ ಖಜಾನೆಯಿಂದ ಹಣ ಹೋಗುವಾಗ ಯಾವುದನ್ನು ಆರಿಸಬೇಕು? ಇದಕ್ಕೆ ಆರೋಗ್ಯ ಅರ್ಥಶಾಸ್ತ್ರ ಕೊಡುವ ಉತ್ತರ ಒಂದು ಭಾಗಾಕಾರದ ಲೆಕ್ಕ. ನೋಡಲು ಸುಲಭ. ಆದರೆ ಮೇಲೆ ಯಾವ ಸಂಖ್ಯೆ, ಕೆಳಗೆ ಯಾವ ಸಂಖ್ಯೆ ಅನ್ನೋದರಲ್ಲೇ ಬಹಳ ಜನ ಎಡವುತ್ತಾರೆ. ವರದಿ ಬರೆದವರು ಎಡವುತ್ತಾರೆ, ಓದುವವರೂ ಎಡವುತ್ತಾರೆ. ಅದಕ್ಕೇ ಒಂದೇ ಒಂದು ಉದಾಹರಣೆ ಹಿಡಿದು ಮೊದಲಿನಿಂದ ಕೊನೆವರೆಗೆ ಲೆಕ್ಕ ಮಾಡಿ ನೋಡೋಣ.

ಉದಾಹರಣೆ ಹೃದಯದ ಒಂದು ಕಾಯಿಲೆಯದು. ಏಟ್ರಿಯಲ್ ಫಿಬ್ರಿಲೇಶನ್ ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವುದು. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹರಿದು ಮಿದುಳಿಗೆ ಹೋದರೆ ಸ್ಟ್ರೋಕ್. ಹಾಗಾಗದಿರಲಿ ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಹಳೆಯ ಮಾತ್ರೆ ವಾರ್ಫರಿನ್. ಮಾತ್ರೆಯ ಬೆಲೆ ತುಂಬಾ ಕಡಿಮೆ. ಆದರೆ ಅದನ್ನು ಸುಮ್ನೆ ನುಂಗಿಕೊಂಡು ಇರೋಕಾಗುವುದಿಲ್ಲ. ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಆಗಾಗ ಆಗಬೇಕು. ಆ ಸಂಖ್ಯೆ 2ರಿಂದ 3ರ ನಡುವೆ ಇರಬೇಕು. ಕೆಳಗಿಳಿದರೆ ಸ್ಟ್ರೋಕ್ ಭಯ, ಮೇಲೇರಿದರೆ ರಕ್ತಸ್ರಾವದ ಭಯ. ಹೊಸ ಮಾತ್ರೆ ಎಪಿಕ್ಸಬ್ಯಾನ್. ಅದಕ್ಕೆ ಈ ಪರೀಕ್ಷೆ ಬೇಡ. 2011ರಲ್ಲಿ ಪ್ರಕಟವಾದ ಅರಿಸ್ಟಾಟಲ್ ಅನ್ನುವ ಹೆಸರಿನ ಪ್ರಯೋಗದಲ್ಲಿ 18,201 ರೋಗಿಗಳ ಮೇಲೆ ಈ ಎರಡನ್ನೂ ಹೋಲಿಸಿದರು. ಸ್ಟ್ರೋಕ್ ಅಥವಾ ದೇಹದ ಬೇರೆ ಕಡೆ ಹೆಪ್ಪು ಸಿಕ್ಕಿಕೊಳ್ಳುವುದು ವಾರ್ಫರಿನ್‌ನಲ್ಲಿ ವರ್ಷಕ್ಕೆ ಶೇ. 1.60, ಎಪಿಕ್ಸಬ್ಯಾನ್‌ನಲ್ಲಿ ಶೇ. 1.27. ದೊಡ್ಡ ರಕ್ತಸ್ರಾವ ಶೇ. 3.09ರಿಂದ ಶೇ. 2.13ಕ್ಕೆ ಇಳಿಯಿತು.

ಹೊಸದು ಒಳ್ಳೆಯದು ಅನ್ನೋದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇಷ್ಟೇ: ಆ ಹೆಚ್ಚಿನ ಒಳ್ಳೆಯದಕ್ಕೆ ಕೊಡುವ ಹೆಚ್ಚಿನ ಬೆಲೆ ತಕ್ಕದ್ದಾ?

ಮೊದಲು ಕ್ವಾಲಿ ಅಂದರೇನು

ಒಂದು ಚಿಕಿತ್ಸೆ ಆಯುಷ್ಯ ಹೆಚ್ಚಿಸುತ್ತದೆ, ಇನ್ನೊಂದು ನೋವು ಕಡಿಮೆ ಮಾಡುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಒಂದೇ ಅಳತೆ ಬೇಕು. ಅದೇ ಕ್ವಾಲಿ. ಬದುಕಿದ ವರ್ಷಗಳನ್ನು ಆ ವರ್ಷಗಳು ಹೇಗಿದ್ದವು ಅನ್ನುವ ಅಂಕದಿಂದ ಗುಣಿಸಿದರೆ ಸಿಗುವುದು. ಪೂರ್ಣ ಆರೋಗ್ಯದಲ್ಲಿ ಕಳೆದ ಒಂದು ವರ್ಷಕ್ಕೆ 1. ಸಾವಿಗೆ 0. ಉಳಿದೆಲ್ಲ ಸ್ಥಿತಿಗಳೂ ಸಾಮಾನ್ಯವಾಗಿ ಇವುಗಳ ನಡುವೆ.

ಈ ನಡುವಿನ ಅಂಕ ಎಲ್ಲಿಂದ ಬರುತ್ತದೆ? ಇಕ್ಯೂ-5ಡಿ ಅನ್ನುವ ಚಿಕ್ಕ ಪ್ರಶ್ನಾವಳಿ ತುಂಬಾ ಬಳಕೆಯಲ್ಲಿದೆ. ಓಡಾಟ, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ದಿನನಿತ್ಯದ ಚಟುವಟಿಕೆ, ನೋವು, ಆತಂಕ. ಹೀಗೆ ಐದೇ ವಿಷಯ. ಒಂದೊಂದಕ್ಕೂ ಐದು ಮಟ್ಟ ಇಟ್ಟರೆ 3,125 ಬಗೆಯ ಆರೋಗ್ಯಸ್ಥಿತಿಗಳಾಗುತ್ತವೆ. ರೋಗಿ ತಾನು ಯಾವ ಮಟ್ಟದಲ್ಲಿದ್ದೇನೆ ಅಂತ ಗುರುತು ಹಾಕುತ್ತಾರೆ. ಆ ಸ್ಥಿತಿಗೆ ಎಷ್ಟು ಅಂಕ ಅನ್ನುವುದನ್ನು ಮಾತ್ರ ಸಾಮಾನ್ಯ ಜನರನ್ನು ಮೊದಲೇ ಕೇಳಿ ತೀರ್ಮಾನಿಸಿರುತ್ತಾರೆ. ಕೇಳುವ ಒಂದು ರೀತಿ ಹೀಗಿದೆ. "ಈ ಸ್ಥಿತಿಯಲ್ಲಿ 10 ವರ್ಷ ಬದುಕುತ್ತೀರಿ ಅಂದುಕೊಳ್ಳಿ. ಅದರ ಬದಲು ಪೂರ್ಣ ಆರೋಗ್ಯದಲ್ಲಿ ಎಷ್ಟು ವರ್ಷ ಸಿಕ್ಕರೆ ಸಾಕು ಅನ್ನಿಸುತ್ತದೆ?" 7 ವರ್ಷ ಸಾಕು ಅಂದರೆ ಆ ಸ್ಥಿತಿಯ ಅಂಕ 0.7. ಇಂಥ ಸ್ಥಿತಿಗಿಂತ ಸಾವೇ ವಾಸಿ ಅಂತ ಜನ ಹೇಳಿದರೆ ಅಂಕ ಸೊನ್ನೆಗಿಂತ ಕೆಳಗೂ ಹೋಗುತ್ತದೆ.

ನಮ್ಮ ಉದಾಹರಣೆಗೆ ಬರೋಣ. ಇಲ್ಲಿಂದ ಮುಂದಿನ ಅಂಕಗಳು, ಖರ್ಚುಗಳು ಲೆಕ್ಕ ಕಲಿಯಲು ನಾನು ಇಟ್ಟುಕೊಂಡವು. ಹಣವನ್ನು ಬರೀ ಯೂನಿಟ್ ಅಂತ ಕರೆಯುತ್ತೇನೆ.

70 ವರ್ಷದ ಒಬ್ಬರು. ಸ್ಟ್ರೋಕ್ ಆಗದೆ 0.8 ಅಂಕದಲ್ಲಿ ಇನ್ನೂ 10 ವರ್ಷ ಬದುಕಿದರೆ 8 ಕ್ವಾಲಿ. ಅವರಿಗೇ 4 ವರ್ಷದ ನಂತರ ಸ್ಟ್ರೋಕ್ ಆಗಿ, ಅಂಕ 0.5ಕ್ಕೆ ಇಳಿದು, ಇನ್ನು 3 ವರ್ಷ ಬದುಕಿ ತೀರಿಕೊಂಡರೆ? 4 × 0.8 = 3.2. 3 × 0.5 = 1.5. ಒಟ್ಟು 4.7. ಅಂದರೆ ಆ ಒಂದು ಸ್ಟ್ರೋಕ್ ತಿಂದದ್ದು 3.3 ಕ್ವಾಲಿ.

ಮುಂದೆ ಬರುವ ಲಾಭ, ಮುಂದೆ ಆಗುವ ಖರ್ಚು ಎರಡಕ್ಕೂ ವರ್ಷಕ್ಕೆ ಇಷ್ಟು ಅಂತ ಬೆಲೆ ಇಳಿಸಿ ಲೆಕ್ಕ ಹಾಕುವುದು ವಾಡಿಕೆ. ಹತ್ತು ವರ್ಷದ ನಂತರ ಸಿಗುವುದಕ್ಕಿಂತ ಇವತ್ತು ಸಿಗುವುದಕ್ಕೆ ತೂಕ ಜಾಸ್ತಿ ಅನ್ನುವ ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಈ ಲೆಕ್ಕಗಳನ್ನು ನೋಡುವ ಸಂಸ್ಥೆ ನೈಸ್ ಬಹುಕಾಲದಿಂದ ಶೇ. 3.5 ಬಳಸುತ್ತಿದೆ. ಅದನ್ನು ಹಾಕಿದರೆ 3.3 ಇಳಿದು ಸುಮಾರು 2.5 ಆಗುತ್ತದೆ.

ಈಗ 1,000 ರೋಗಿಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಹೊಸ ಮಾತ್ರೆಯಿಂದ ಅವರ ಉಳಿದ ಜೀವಮಾನದಲ್ಲಿ 32 ಸ್ಟ್ರೋಕ್ ತಪ್ಪಿದರೆ 80 ಕ್ವಾಲಿ ಉಳಿಯಿತು. ದೊಡ್ಡ ರಕ್ತಸ್ರಾವಗಳು, ಅವುಗಳಿಂದಾಗುವ ಸಾವುಗಳು ತಪ್ಪಿದ್ದರಿಂದ ಇನ್ನೂ 120 ಅಂತ ಇಟ್ಟುಕೊಳ್ಳೋಣ. ಒಟ್ಟು 200. ಸಾವಿರ ಮಂದಿಗೆ ಹಂಚಿದರೆ ತಲಾ 0.2 ಕ್ವಾಲಿ. ಇಷ್ಟೇನಾ ಅನ್ನಿಸಬಹುದು. ಆದರೆ ಈ 0.2 ಎಲ್ಲರಿಗೂ ಸಮನಾಗಿ ಸಿಗುವುದಲ್ಲ. ಬಹುತೇಕರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ, ಕೆಲವರಿಗೆ ಬದುಕೇ ಉಳಿಯುತ್ತದೆ. ಸರಾಸರಿ ಅದನ್ನು ತೋರಿಸುವುದಿಲ್ಲ.

ಮೂರು ಸಾಲಿನ ಪಟ್ಟಿ

ಒಬ್ಬ ರೋಗಿಗೆ ಜೀವಮಾನದ ಸರಾಸರಿ ಹೀಗಿದೆ ಅಂದುಕೊಳ್ಳೋಣ.

| ಆಯ್ಕೆ | ಒಟ್ಟು ಖರ್ಚು (ಯೂನಿಟ್) | ಒಟ್ಟು ಕ್ವಾಲಿ |
|---|---|---|
| ಯಾವ ಮಾತ್ರೆಯೂ ಇಲ್ಲ | 8,500 | 5.4 |
| ವಾರ್ಫರಿನ್ | 10,000 | 6.0 |
| ಎಪಿಕ್ಸಬ್ಯಾನ್ | 13,000 | 6.2 |

ಮಾತ್ರೆಯೇ ಇಲ್ಲದಿದ್ದರೂ 8,500 ಯಾಕೆ ಖರ್ಚಾಗುತ್ತದೆ? ಸ್ಟ್ರೋಕ್ ಆದವರನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳಬೇಕಲ್ವಾ, ಅದರ ಖರ್ಚು. ವಾರ್ಫರಿನ್‌ನ 10,000ದಲ್ಲಿ ಮಾತ್ರೆಗೆ ಬರೀ 400. ಐಎನ್‌ಆರ್ ಪರೀಕ್ಷೆ ಮತ್ತು ಭೇಟಿಗಳಿಗೆ 2,400. ಸ್ಟ್ರೋಕ್, ರಕ್ತಸ್ರಾವದ ಆಸ್ಪತ್ರೆ ಖರ್ಚು 7,200. ಎಪಿಕ್ಸಬ್ಯಾನ್‌ನ 13,000ದಲ್ಲಿ ಮಾತ್ರೆಗೇ 6,600, ಕಿಡ್ನಿ ಪರೀಕ್ಷೆಯಂಥ ತಪಾಸಣೆಗೆ 400, ಆಸ್ಪತ್ರೆಗೆ 6,000. ಅನಾಹುತ ಕಡಿಮೆಯಾದ್ದರಿಂದ ಆಸ್ಪತ್ರೆ ಖರ್ಚು 1,200 ಇಳಿದಿದೆ. ಈ ವಿಂಗಡಣೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಈಗ ತಪ್ಪು ಲೆಕ್ಕ. ಪ್ರತಿ ಸಾಲಿನ ಖರ್ಚನ್ನು ಅದೇ ಸಾಲಿನ ಕ್ವಾಲಿಯಿಂದ ಭಾಗಿಸುವುದು. ವಾರ್ಫರಿನ್‌ಗೆ 10,000 ÷ 6.0, ಅಂದರೆ ಸುಮಾರು 1,667. ಎಪಿಕ್ಸಬ್ಯಾನ್‌ಗೆ 13,000 ÷ 6.2, ಸುಮಾರು 2,097. "ಒಂದು ಕ್ವಾಲಿಗೆ ಬರೀ 430 ಯೂನಿಟ್ ಜಾಸ್ತಿ, ಅಷ್ಟಕ್ಕೆ ಹೊಸದೇ ಇರಲಿ ಬಿಡಿ" ಅನ್ನಿಸಿಬಿಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ತಪ್ಪು. ಎಪಿಕ್ಸಬ್ಯಾನ್ ಸಾಲಿನ 6.2 ಕ್ವಾಲಿಯಲ್ಲಿ 6.0 ವಾರ್ಫರಿನ್‌ನಿಂದಲೇ ಸಿಗುತ್ತಿತ್ತು. ಅದರಲ್ಲೂ 5.4 ಯಾವ ಮಾತ್ರೆ ಇಲ್ಲದೆಯೂ ಸಿಗುತ್ತಿತ್ತು. ಹೊಸ ಮಾತ್ರೆ ತಾನು ದುಡಿಯದ ಲಾಭವನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡಿದೆ.

ಸರಿಯಾದ ಲೆಕ್ಕದಲ್ಲಿ ವ್ಯತ್ಯಾಸವನ್ನು ವ್ಯತ್ಯಾಸದಿಂದ ಭಾಗಿಸಬೇಕು. ಹೆಚ್ಚಾದ ಖರ್ಚು ಮೇಲೆ, ಹೆಚ್ಚಾದ ಕ್ವಾಲಿ ಕೆಳಗೆ. ಈ ಅನುಪಾತವನ್ನು ಈ ಕ್ಷೇತ್ರದವರು ಐಸರ್ ಅಂತ ಕರೆಯುತ್ತಾರೆ.

(13,000 − 10,000) ÷ (6.2 − 6.0) = 3,000 ÷ 0.2 = 15,000

430 ಅಲ್ಲ, 2,097 ಅಲ್ಲ, 15,000. ವಾರ್ಫರಿನ್‌ನಿಂದ ಎಪಿಕ್ಸಬ್ಯಾನ್‌ಗೆ ಬದಲಾದರೆ ಸಿಗುವ ಒಂದೊಂದು ಹೆಚ್ಚುವರಿ ಕ್ವಾಲಿಗೆ ಖಜಾನೆಯಿಂದ ನಿಜವಾಗಿ ಹೋಗುವುದು ಇಷ್ಟು.

ಸರಾಸರಿ ಎಷ್ಟು ದಾರಿ ತಪ್ಪಿಸಬಲ್ಲದು ಅನ್ನೋದಕ್ಕೆ ಹಳೆಯ ನಿದರ್ಶನ ಒಂದಿದೆ. ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಗೆ ಮಲದಲ್ಲಿ ರಕ್ತದ ಅಂಶವಿದೆಯಾ ಅಂತ ಆರು ಸಲ ಪರೀಕ್ಷೆ ಮಾಡಬೇಕು ಅನ್ನುವ ಶಿಫಾರಸು ಅಮೆರಿಕದಲ್ಲಿತ್ತು. 1975ರಲ್ಲಿ ನ್ಯೂಹೌಸರ್ ಮತ್ತು ಲೆವಿಕಿ ಅದರ ಲೆಕ್ಕ ತೆಗೆದರು. ಆರೂ ಪರೀಕ್ಷೆಗಳ ಒಟ್ಟು ಖರ್ಚನ್ನು ಪತ್ತೆಯಾದ ಎಲ್ಲ ಕ್ಯಾನ್ಸರ್‌ಗಳಿಗೆ ಹಂಚಿದರೆ ಒಂದಕ್ಕೆ 2,451 ಡಾಲರ್. ಆದರೆ ಐದು ಸಲ ಆದಮೇಲೆ ಆರನೆಯದನ್ನು ಮಾಡಿದ್ದರಿಂದ ಹೊಸದಾಗಿ ಸಿಗುವ ಒಂದು ಕ್ಯಾನ್ಸರ್‌ಗೆ ಬಿದ್ದ ಖರ್ಚು 4 ಕೋಟಿ 70 ಲಕ್ಷ ಡಾಲರ್‌ಗಿಂತ ಹೆಚ್ಚು. ಮೊದಲ ಪರೀಕ್ಷೆಗಳೇ ಬಹುತೇಕ ಎಲ್ಲವನ್ನೂ ಹಿಡಿದುಬಿಟ್ಟಿರುತ್ತವೆ. ಆರನೆಯದಕ್ಕೆ ಉಳಿದಿರುವುದು ಹೆಚ್ಚುಕಡಿಮೆ ಏನೂ ಇಲ್ಲ. ಸರಾಸರಿಯಲ್ಲಿ ಅದು ಮೊದಲನೆಯದರ ನೆರಳಲ್ಲಿ ಬಚ್ಚಿಟ್ಟುಕೊಂಡಿತ್ತು.

ಯಾವುದಕ್ಕೆ ಹೋಲಿಸಿದಾಗ?

ಐಸರ್ ಸಂಖ್ಯೆ ಕಂಡಾಗ ನಾನು ಮೊದಲು ಕೇಳುವ ಪ್ರಶ್ನೆ ಇದು. ಯಾಕೆಂದರೆ ಭಾಗಾಕಾರ ಸರಿಯಾಗಿದ್ದರೂ ಹೋಲಿಕೆಗೆ ಆರಿಸಿಕೊಂಡದ್ದು ತಪ್ಪಾಗಿರಬಹುದು.

ಅದೇ ಪಟ್ಟಿಯಲ್ಲಿ ಎಪಿಕ್ಸಬ್ಯಾನ್ ಅನ್ನು ವಾರ್ಫರಿನ್ ಬಿಟ್ಟು ಮೊದಲ ಸಾಲಿಗೆ ಹೋಲಿಸಿ. ಹೆಚ್ಚಿನ ಖರ್ಚು 4,500, ಹೆಚ್ಚಿನ ಕ್ವಾಲಿ 0.8. ಐಸರ್ 5,625. ತುಂಬಾ ಅಗ್ಗವಾಗಿ ಕಾಣುತ್ತದೆ. ಇದೂ ವ್ಯತ್ಯಾಸಗಳ ಲೆಕ್ಕವೇ, ಅಂಕಗಣಿತದಲ್ಲಿ ತಪ್ಪಿಲ್ಲ. ಆದರೆ ವಾರ್ಫರಿನ್ ಕೈಗೆ ಸಿಗುವಾಗ ಅದನ್ನು ಮರೆಮಾಡಿ ಮಾಡಿದ ಹೋಲಿಕೆ. ಈ 0.8 ಕ್ವಾಲಿಯಲ್ಲಿ 0.6ನ್ನು ವಾರ್ಫರಿನ್ 1,500 ಯೂನಿಟ್‌ಗೇ ಕೊಡುತ್ತದೆ, ಅಂದರೆ ಕ್ವಾಲಿಗೆ 2,500. ಆ ಅಗ್ಗದ ಭಾಗ ಸೇರಿಕೊಂಡು ದುಬಾರಿ ಭಾಗವನ್ನು ಮುಚ್ಚಿತು.

ಹಾಗಾಗಿ ಎರಡಕ್ಕಿಂತ ಹೆಚ್ಚು ಆಯ್ಕೆಗಳಿದ್ದಾಗ ಅವನ್ನು ಖರ್ಚಿನ ಏರಿಕೆಯಲ್ಲಿ ಸಾಲಾಗಿ ಜೋಡಿಸಿ, ಒಂದೊಂದನ್ನೂ ಅದರ ಹಿಂದಿನ ಮೆಟ್ಟಿಲಿಗೆ ಹೋಲಿಸುತ್ತಾ ಹೋಗಬೇಕು. ಯಾವುದಾದರೂ ಆಯ್ಕೆ ಹಿಂದಿನದಕ್ಕಿಂತ ದುಬಾರಿಯಾಗಿದ್ದು ಕ್ವಾಲಿಯೂ ಕಡಿಮೆ ಕೊಟ್ಟರೆ ಅದನ್ನು ಪಟ್ಟಿಯಿಂದಲೇ ತೆಗೆದು, ಉಳಿದವನ್ನು ಮತ್ತೆ ಹೋಲಿಸಬೇಕು.

ಪ್ರಯೋಗದಲ್ಲಿ ಹೋಲಿಸಿದ್ದು ಯಾವುದಕ್ಕೆ, ವಾಸ್ತವದಲ್ಲಿ ಜನ ಈಗ ಪಡೆಯುತ್ತಿರುವುದು ಯಾವುದು, ಇವೆರಡು ಒಂದೇ ಆಗಿರಬೇಕಿಲ್ಲ. ವರದಿಯಲ್ಲಿ ಹೋಲಿಕೆಗೆ ಇಟ್ಟದ್ದು ಈಗಿನ ಅತ್ಯುತ್ತಮ ಬಳಕೆಯ ಚಿಕಿತ್ಸೆಯಲ್ಲದೆ "ಏನೂ ಮಾಡದಿರುವುದು" ಆಗಿದ್ದರೆ ಅಲ್ಲೇ ನಿಂತು ಯಾಕೆ ಅಂತ ಕೇಳಬೇಕು.

15,000 ಜಾಸ್ತಿಯಾ, ಕಮ್ಮಿಯಾ?

ಐಸರ್ ತಾನಾಗಿಯೇ ಉತ್ತರ ಹೇಳುವುದಿಲ್ಲ. ಅದಕ್ಕೊಂದು ಮಿತಿ ಬೇಕು. ಕ್ವಾಲಿಗೆ ಇಷ್ಟರವರೆಗೆ ಕೊಡಬಹುದು ಅನ್ನುವ ಗೆರೆ. ನೈಸ್ ಬಹುಕಾಲ ಬಳಸಿದ ಗೆರೆ 20,000ದಿಂದ 30,000 ಪೌಂಡ್. ಕೆಲವರು ದೇಶದ ತಲಾ ಜಿಡಿಪಿಯ ಒಂದರಿಂದ ಮೂರು ಪಟ್ಟು ಅನ್ನುವ ಸೂತ್ರ ಹಿಡಿಯುತ್ತಾರೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಆಯೋಗದ ವರದಿಯ ಹಿನ್ನೆಲೆಯಲ್ಲಿ ಹರಡಿದ್ದು ಅದು. ಅದನ್ನು ಒಂದೊಂದು ದೇಶ ತನ್ನ ತೀರ್ಮಾನಕ್ಕೆ ಕಣ್ಣುಮುಚ್ಚಿ ಬಳಸಬಾರದು ಅಂತ ಆ ಸಂಸ್ಥೆಯ ತಜ್ಞರೇ 2016ರಲ್ಲಿ ಬರೆದರು. ನನಗೂ ಆ ಸೂತ್ರದ ಮೇಲೆ ನಂಬಿಕೆಯಿಲ್ಲ. ಖಜಾನೆಯಲ್ಲಿ ಎಷ್ಟಿದೆ, ಆ ಹಣ ಈಗ ಏನು ಕೆಲಸ ಮಾಡುತ್ತಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಗೆರೆಯ ನಿಜವಾದ ಅರ್ಥ ಬೇರೆ. ಖಜಾನೆ ಒಂದೇ. ಎಪಿಕ್ಸಬ್ಯಾನ್‌ಗೆ ಹೆಚ್ಚುವರಿ 3,000 ಕೊಟ್ಟರೆ ಅದು ಬೇರೆ ಯಾರದೋ ಚಿಕಿತ್ಸೆಯಿಂದ ಹೋಗುತ್ತದೆ. ಆ ಬೇರೆ ಚಿಕಿತ್ಸೆ 10,000 ಯೂನಿಟ್‌ಗೆ ಒಂದು ಕ್ವಾಲಿ ಕೊಡುತ್ತಿದ್ದರೆ, 3,000 ಹೋದಾಗ ಅಲ್ಲಿ 0.3 ಕ್ವಾಲಿ ಹೋಯಿತು. ಇಲ್ಲಿ ಸಿಕ್ಕಿದ್ದು 0.2. ಒಟ್ಟಾರೆ ನಷ್ಟ. ಕಳೆದುಕೊಂಡವರ ಮುಖ ನಮಗೆ ಕಾಣುವುದಿಲ್ಲ, ಅಷ್ಟೇ. 2015ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲಾಕ್ಸ್‌ಟನ್ ಮತ್ತು ಜೊತೆಗಾರರು ಇಂಗ್ಲೆಂಡಿನ ಆರೋಗ್ಯ ವ್ಯವಸ್ಥೆಯಲ್ಲಿ ಈ ಕಾಣದ ನಷ್ಟವನ್ನು ಅಳೆದರು. ಸುಮಾರು 13,000 ಪೌಂಡ್ ಎಲ್ಲಿಂದಾದರೂ ತೆಗೆದರೆ ಒಂದು ಕ್ವಾಲಿ ಹೋಗುತ್ತದೆ ಅನ್ನುವುದು ಅವರ ಅಂದಾಜು. ಹಾಗಿದ್ದರೆ 20,000ದ ಗೆರೆಯಲ್ಲಿ ಒಪ್ಪಿದ ಒಂದೊಂದು ಔಷಧವೂ ಕೊಟ್ಟದ್ದಕ್ಕಿಂತ ಹೆಚ್ಚು ಆರೋಗ್ಯವನ್ನು ಬೇರೆಡೆ ಕಸಿದಿರಬಹುದು. ಓದಿದಾಗಲೆಲ್ಲ ನನ್ನನ್ನು ಕಾಡುವ ಸಂಖ್ಯೆ ಇದು.

ನಮ್ಮ ಉದಾಹರಣೆಯಲ್ಲಿ ಗೆರೆ 20,000 ಆಗಿದ್ದರೆ ಎಪಿಕ್ಸಬ್ಯಾನ್ ಗೆಲ್ಲುತ್ತದೆ. 10,000 ಆಗಿದ್ದರೆ ವಾರ್ಫರಿನ್. ಗೆರೆ 10,000 ಇರುವವರು ಇನ್ನೊಂದು ಉಪಯುಕ್ತ ಪ್ರಶ್ನೆ ಕೇಳಬಹುದು. ಮಾತ್ರೆಯ ಬೆಲೆ ಎಷ್ಟಕ್ಕೆ ಇಳಿದರೆ ಒಪ್ಪಬಹುದು? 0.2 ಕ್ವಾಲಿಗೆ ಕೊಡಬಹುದಾದದ್ದು 2,000. ಈಗಿರುವುದು 3,000. ಹಾಗಾಗಿ ಮಾತ್ರೆಯ 6,600ರಲ್ಲಿ 1,000 ಇಳಿದು 5,600 ಆಗಬೇಕು. ಬೆಲೆ ಚೌಕಾಸಿಗೆ ಕೂರುವವರ ಕೈಯಲ್ಲಿ ಇರಬೇಕಾದ ಸಂಖ್ಯೆ ಇದೇ.

ಉತ್ತರವನ್ನು ತಿರುಗಿಸುವ ಮೂರು ಸಂಗತಿ

ಮೊದಲನೆಯದು ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಹಳೆಯ ಚಿಕಿತ್ಸೆ ಆ ಜಾಗದಲ್ಲಿ ಎಷ್ಟು ಚೆನ್ನಾಗಿ ನಡೆಯುತ್ತಿದೆ ಅನ್ನುವುದು. ವಾರ್ಫರಿನ್ ಒಂದೇ ಔಷಧ, ಆದರೆ ಅದರ ಫಲ ಎಲ್ಲ ಕಡೆ ಒಂದೇ ಅಲ್ಲ. ರೋಗಿಯ ಐಎನ್‌ಆರ್ ಎಷ್ಟು ಕಾಲ 2ರಿಂದ 3ರೊಳಗೆ ಇತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅರಿಸ್ಟಾಟಲ್ ಪ್ರಯೋಗದಲ್ಲಿ ಮಧ್ಯದ ರೋಗಿಗೆ ಅದು ಶೇ. 66 ಕಾಲ. ಪರೀಕ್ಷೆ ಸಮಯಕ್ಕೆ ಸರಿಯಾಗಿ ಆಗಿ, ಡೋಸ್ ತಕ್ಷಣ ಸರಿಹೊಂದಿಸುವ ಕಡೆ ಇದಕ್ಕಿಂತ ಮೇಲಿರುತ್ತದೆ. ಪರೀಕ್ಷೆಗೆ ಬರುವುದೇ ಕಷ್ಟವಾದ ಕಡೆ ತುಂಬಾ ಕೆಳಗಿರುತ್ತದೆ.

ಚೆನ್ನಾಗಿ ನಡೆಯುವ ಕಡೆ ಹೊಸ ಮಾತ್ರೆಯ ಹೆಚ್ಚಿನ ಲಾಭ 0.1ಕ್ಕೆ ಇಳಿಯುತ್ತದೆ, ಹೆಚ್ಚಿನ ಖರ್ಚು 3,200 ಆಗುತ್ತದೆ ಅಂತಿಟ್ಟುಕೊಳ್ಳಿ. ಐಸರ್ 32,000. ಕೆಟ್ಟದಾಗಿ ನಡೆಯುವ ಕಡೆ ಲಾಭ 0.3, ಹೆಚ್ಚಿನ ಖರ್ಚು 2,600. ಐಸರ್ ಸುಮಾರು 8,700. ಔಷಧ ಅದೇ, ಬೆಲೆ ಅದೇ. ಬದಲಾದದ್ದು ಹಳೆಯ ಚಿಕಿತ್ಸೆಯ ನಿರ್ವಹಣೆ. ಹಾಗಾಗಿ ಬೇರೆ ಕಡೆಯ ಐಸರ್ ಎತ್ತಿಕೊಂಡು ಬಂದು ಇಲ್ಲಿ ತೀರ್ಮಾನ ಮಾಡುವುದು ಅಪಾಯ. ಜೊತೆಗೆ ಈ ಲೆಕ್ಕದಲ್ಲಿ ಇನ್ನೊಂದು ಆಯ್ಕೆಯೂ ಅಡಗಿದೆ. ಐಎನ್‌ಆರ್ ಕ್ಲಿನಿಕ್ ಅನ್ನು ಸುಧಾರಿಸುವುದು. ಅದನ್ನೂ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಿ ಹೋಲಿಸಬೇಕು. ಹೆಚ್ಚಿನ ವರದಿಗಳು ಸೇರಿಸುವುದಿಲ್ಲ.

ಎರಡನೆಯದು, ಖರ್ಚು ಯಾರ ಜೇಬಿನದು. ಮೇಲಿನ 2,400 ಬರೀ ಆರೋಗ್ಯ ವ್ಯವಸ್ಥೆ ಕೊಡುವ ಪರೀಕ್ಷೆಯ ಖರ್ಚು. ಪ್ರತಿ ಸಲ ಪರೀಕ್ಷೆಗೆ ಓಡಾಡುವ ರೋಗಿಯ ಪ್ರಯಾಣ, ಜೊತೆಗೆ ಬರುವವರ ಒಂದು ದಿನದ ಸಂಬಳ ಅದರಲ್ಲಿಲ್ಲ. ಅದನ್ನು ಜೀವಮಾನಕ್ಕೆ 1,200 ಅಂತ ಸೇರಿಸಿದರೆ ವಾರ್ಫರಿನ್‌ನ ಖರ್ಚು 11,200. ವ್ಯತ್ಯಾಸ 1,800. ಐಸರ್ 9,000. ಆಗ 10,000ದ ಗೆರೆಯಲ್ಲೂ ಹೊಸ ಮಾತ್ರೆ ಗೆಲ್ಲುತ್ತದೆ. ಯಾರ ದೃಷ್ಟಿಯಿಂದ ಲೆಕ್ಕ ಹಾಕಿದ್ದಾರೆ ಅನ್ನುವ ಒಂದು ಸಾಲು ವರದಿಯಲ್ಲಿ ಇದ್ದೇ ಇರಬೇಕು. ಎರಡು ವರದಿಗಳ ದೃಷ್ಟಿ ಬೇರೆಬೇರೆಯಾಗಿದ್ದರೆ ಅವುಗಳ ಐಸರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಮೂರನೆಯದು ಕಾಲಾವಧಿ. ಅರಿಸ್ಟಾಟಲ್‌ನಲ್ಲಿ ರೋಗಿಗಳನ್ನು ಹಿಂಬಾಲಿಸಿದ ಅವಧಿಯ ಮಧ್ಯಮ 1.8 ವರ್ಷ. ನಮ್ಮ ಲೆಕ್ಕ ಜೀವಮಾನದ್ದು. ನಡುವಿನ ಅಂತರವನ್ನು ತುಂಬುವುದು ಮುಂದಿನ ವರ್ಷಗಳನ್ನು ಅಂದಾಜು ಮಾಡುವ ಒಂದು ಗಣಿತದ ಮಾದರಿ. ಮಾತ್ರೆಯ ಖರ್ಚು ಮೊದಲ ದಿನದಿಂದಲೇ ಶುರು. ತಪ್ಪುವ ಸ್ಟ್ರೋಕ್‌ಗಳಾದರೆ ವರ್ಷಕ್ಕೆ ಸಾವಿರಕ್ಕೆ ಮೂರು ಚಿಲ್ಲರೆ, ಮತ್ತು ಒಂದೊಂದರಿಂದ ಉಳಿಯುವ ಕ್ವಾಲಿ ಮುಂದಿನ ಹಲವು ವರ್ಷಗಳಲ್ಲಿ ಹರಡಿಕೊಂಡಿರುತ್ತದೆ. ಲೆಕ್ಕವನ್ನು ಎರಡೇ ವರ್ಷಕ್ಕೆ ನಿಲ್ಲಿಸಿದರೆ ಆ ಎರಡು ವರ್ಷದ ಖರ್ಚು ಪೂರ್ತಿ ಕಾಣುತ್ತದೆ, ಅದರಿಂದ ಬರುವ ಲಾಭ ಅರ್ಧವೂ ಕಾಣುವುದಿಲ್ಲ. ಹಾಗಂತ ಜೀವಮಾನದ ಲೆಕ್ಕವನ್ನೂ ಸುಮ್ನೆ ನಂಬುವಂತಿಲ್ಲ. ಔಷಧದ ಲಾಭ ಹದಿನೈದು ವರ್ಷವೂ ಹೀಗೇ ಇರುತ್ತದೆ ಅಂತ ಮಾದರಿ ಊಹಿಸಿದೆಯಾ, ಜನ ಮಾತ್ರೆ ಬಿಟ್ಟುಬಿಡುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆಯಾ, ನೋಡಬೇಕು.

ಕೆಳಗಿನ ಸಂಖ್ಯೆ ಚಿಕ್ಕದಾದಾಗ

0.2 ಅನ್ನುವುದು ಚಿಕ್ಕ ಸಂಖ್ಯೆ. ಚಿಕ್ಕ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ತುಂಬಾ ಅಲುಗಾಡುತ್ತದೆ. ನಿಜವಾದ ಲಾಭ 0.12 ಇದ್ದರೆ ಐಸರ್ 25,000. 0.28 ಇದ್ದರೆ ಸುಮಾರು 10,700. ಪ್ರಯೋಗದ ಅನಿಶ್ಚಿತತೆಯೊಳಗೇ ಇವೆಲ್ಲ ಬರಬಹುದು. ಅದಕ್ಕೆ ಒಳ್ಳೆಯ ವಿಶ್ಲೇಷಣೆಯಲ್ಲಿ ಎಲ್ಲ ಅಂಕಗಳನ್ನೂ ಅವುಗಳ ಅನುಮಾನದ ಮಿತಿಯೊಳಗೆ ಒಟ್ಟಿಗೆ ಅಲುಗಾಡಿಸಿ ಸಾವಿರಾರು ಸಲ ಲೆಕ್ಕ ಮಾಡುತ್ತಾರೆ. "20,000ದ ಗೆರೆಯಲ್ಲಿ ಹೊಸದು ಲಾಭಕರವಾಗಿರುವ ಸಾಧ್ಯತೆ ಇಷ್ಟು" ಅಂತ ಹೇಳುತ್ತಾರೆ. ಒಂದೇ ಐಸರ್ ಕೊಟ್ಟು ಅದರ ಸುತ್ತಲಿನ ಅನುಮಾನದ ಬಗ್ಗೆ ಏನೂ ಹೇಳದ ವರದಿ ಅರ್ಧ ವರದಿ.

ಈ ಅಲುಗಾಟದಲ್ಲಿ ಅನುಪಾತ ಬಿಟ್ಟು ವ್ಯವಕಲನ ಮಾಡಿದರೆ ಅನುಕೂಲ ಜಾಸ್ತಿ. ಹೆಚ್ಚಿನ ಕ್ವಾಲಿಯನ್ನು ಗೆರೆಯಿಂದ ಗುಣಿಸಿ, ಹೆಚ್ಚಿನ ಖರ್ಚನ್ನು ಕಳೆಯಿರಿ. 0.2 × 20,000 − 3,000 = 1,000. ಸೊನ್ನೆಗಿಂತ ಮೇಲಿದೆ, ಒಪ್ಪಬಹುದು. 10,000ದ ಗೆರೆಯಲ್ಲಿ 2,000 − 3,000, ಅಂದರೆ −1,000. ಒಪ್ಪಲಾಗದು. ತೀರ್ಮಾನ ಐಸರ್ ಕೊಟ್ಟದ್ದೇ, ಆದರೆ ಚಿಹ್ನೆ ನೋಡಿದರೆ ಸಾಕು.

ಚಿಹ್ನೆಯ ಗೊಂದಲ ಐಸರ್‌ನಲ್ಲಿ ಎಲ್ಲಿ ಬರುತ್ತದೆ ಅನ್ನುವುದಕ್ಕೆ ನಮ್ಮ ಉದಾಹರಣೆಯಲ್ಲೇ ಜಾಗವಿದೆ. ಪೇಟೆಂಟ್ ಮುಗಿದು ಬೇರೆ ಕಂಪನಿಗಳೂ ಅದೇ ಮಾತ್ರೆ ತಯಾರಿಸಲು ಶುರು ಮಾಡಿದರೆ ಬೆಲೆ ಇಳಿಯುತ್ತದೆ. ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ. ಮಾತ್ರೆಯ 6,600 ಈಗ 3,300. ಒಟ್ಟು ಖರ್ಚು 9,700. ವಾರ್ಫರಿನ್‌ಗಿಂತ 300 ಕಡಿಮೆ, ಕ್ವಾಲಿ 0.2 ಜಾಸ್ತಿ. ಭಾಗಿಸಿದರೆ −1,500. ಈಗ ಬೇರೊಂದು ಔಷಧ 300 ಜಾಸ್ತಿ ಖರ್ಚಾಗಿ 0.2 ಕ್ವಾಲಿ ಕಡಿಮೆ ಕೊಟ್ಟರೆ? ಅದರ ಐಸರ್ ಕೂಡ −1,500. ಒಂದನ್ನು ಕಣ್ಣುಮುಚ್ಚಿ ಒಪ್ಪಬೇಕು, ಇನ್ನೊಂದನ್ನು ಕಣ್ಣುಮುಚ್ಚಿ ಬಿಡಬೇಕು, ಸಂಖ್ಯೆ ಮಾತ್ರ ಒಂದೇ. ಆದ್ದರಿಂದ ಋಣ ಸಂಖ್ಯೆ ಬಂದ ಕಡೆ ಐಸರ್ ಬರೆಯಲೇಬಾರದು. "ಖರ್ಚು ಕಡಿಮೆ, ಫಲ ಹೆಚ್ಚು" ಅಥವಾ "ಖರ್ಚು ಹೆಚ್ಚು, ಫಲ ಕಡಿಮೆ" ಅಂತ ಮಾತಿನಲ್ಲಿ ಬರೆಯಬೇಕು.

ಬೆಲೆ ಇಳಿದ ಮೇಲೂ ವಾರ್ಫರಿನ್ ಪಟ್ಟಿಯಿಂದ ಹೋಗುವುದಿಲ್ಲ. ಹೃದಯಕ್ಕೆ ಲೋಹದ ಕೃತಕ ಕವಾಟ ಹಾಕಿಸಿಕೊಂಡವರಿಗೆ, ಮೈಟ್ರಲ್ ಕವಾಟ ತುಂಬಾ ಕಿರಿದಾಗಿರುವವರಿಗೆ ಇವತ್ತಿಗೂ ಕೊಡುವುದು ವಾರ್ಫರಿನ್ನೇ. ಅರಿಸ್ಟಾಟಲ್ ಪ್ರಯೋಗದಲ್ಲಿ ಇಂಥ ರೋಗಿಗಳು ಇರಲಿಲ್ಲ. ಹಾಗಾಗಿ 15,000ವೂ ಅವರದಲ್ಲ, 9,700ರ ಲೆಕ್ಕವೂ ಅವರದಲ್ಲ. ಅವರಿಗೆ ಬೇರೆಯೇ ಪಟ್ಟಿ ಬರೆಯಬೇಕು, ಐಎನ್‌ಆರ್ ಕ್ಲಿನಿಕ್‌ನ ಖರ್ಚನ್ನು ಆ ಕಡಿಮೆ ಸಂಖ್ಯೆಯ ರೋಗಿಗಳ ಮೇಲೆ ಹಾಕಿ.